ಬ್ರಾಂಚ್ ಅಕೌಂಟಲ್ಲಿ ಲೋಡಿಂಗ್ ಯಾಕೆ ಎರಡೂ ಕಡೆ ಬರತ್ತೆ? ಡೆಟರ್ಸ್ ಸಿಸ್ಟಮ್, ಇನ್ವಾಯ್ಸ್ ಪ್ರೈಸ್ ಮತ್ತು ಸ್ಟಾಕ್ ರಿಸರ್ವ್

ಬಿಕಾಂ ಓದೋರು, ಸಿಎ ಇಂಟರ್ ಓದೋರು, ಬ್ರಾಂಚ್ ಅಕೌಂಟ್ಸ್ ಚಾಪ್ಟರಲ್ಲಿ ಮೊದಲೆರಡು ಲೆಕ್ಕ ಆರಾಮಾಗಿ ಮಾಡ್ತಾರೆ. ಹೆಡ್ ಆಫೀಸು ಅಸಲು ಬೆಲೆಗೇ ಮಾಲು ಕಳಿಸಿದ್ರೆ ಏನೂ ತೊಂದ್ರೆ ಇಲ್ಲ. ಮೂರನೇ ಲೆಕ್ಕದಲ್ಲಿ "ಕಾಸ್ಟ್ ಪ್ಲಸ್ 25%ಗೆ ಇನ್ವಾಯ್ಸ್ ಮಾಡಲಾಗಿದೆ" ಅಂತ ಒಂದು ಸಾಲು ಬರತ್ತೆ ನೋಡಿ, ಅಲ್ಲಿಂದ ಶುರು ಗೊಂದಲ. ಇದ್ದಕ್ಕಿದ್ದ ಹಾಗೆ ನಾಲ್ಕು ಹೊಸ ಎಂಟ್ರಿ ಬಂದು ಕೂರತ್ತೆ, ಎರಡು ಡೆಬಿಟ್ ಕಡೆ ಎರಡು ಕ್ರೆಡಿಟ್ ಕಡೆ, ಯಾವುದು ಎಲ್ಲಿ ಅಂತ ಬಾಯಿಪಾಠ ಮಾಡ್ಕೊಂಡು ಹೋಗ್ತಾರೆ, ಪರೀಕ್ಷೆ ಹಾಲಲ್ಲಿ ಓಪನಿಂಗ್ ರಿಸರ್ವ್ ಡೆಬಿಟ್ಟಾ ಕ್ರೆಡಿಟ್ಟಾ ಅಂತ ಪೆನ್ನು ಕಚ್ಕೊಂಡು ಕೂರ್ತಾರೆ. ನನ್ನ ಪ್ರಕಾರ ಇದರಲ್ಲಿ ಬಾಯಿಪಾಠ ಮಾಡೋ ವಿಷಯ ಒಂದೂ ಇಲ್ಲ, ಆ ನಾಲ್ಕೂ ಎಂಟ್ರಿ ಒಂದೇ ಕೆಲಸ ಮಾಡೋದು. ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸ್ತೀನಿ.

ಮೊದಲು ಡೆಟರ್ಸ್ ಸಿಸ್ಟಮ್ ಅಂದ್ರೆ ಏನು. ಸಣ್ಣ ಬ್ರಾಂಚ್ ಇರತ್ತೆ, ಒಬ್ಬ ಮ್ಯಾನೇಜರು, ಒಂದಿಬ್ರು ಹುಡುಗ್ರು. ಅಲ್ಲಿ ಲೆಡ್ಜರ್ ಬರೆಯೋರು ಯಾರೂ ಇರಲ್ಲ. ಇರೋದು ಸ್ಟಾಕ್ ರಿಜಿಸ್ಟರು, ಉದ್ರಿ ಪುಸ್ತಕ, ಚಿಲ್ಲರೆ ಖರ್ಚಿನ ಪುಸ್ತಕ, ಅಷ್ಟೇ. ಬಾಕಿ ಅಕೌಂಟ್ಸ್ ಎಲ್ಲ ಹೆಡ್ ಆಫೀಸಲ್ಲೇ. ಹೆಡ್ ಆಫೀಸು ಏನು ಮಾಡತ್ತೆ ಅಂದ್ರೆ, ಒಬ್ಬ ಸಾಲಗಾರ ಗಿರಾಕಿಗೆ ಹೇಗೆ ಒಂದು ಖಾತೆ ತೆಗೀತಾರೋ ಹಾಗೇ ಬ್ರಾಂಚಿನ ಹೆಸರಲ್ಲಿ ಒಂದು ಖಾತೆ ತೆಗೀತದೆ, ಹೆಸರು ಬಂದಿರೋದೂ ಅದಕ್ಕೇ. ವರ್ಷದ ಮೊದಲ ದಿನ ಬ್ರಾಂಚಲ್ಲಿ ನಮ್ಮದು ಅಂತ ಏನೇನಿದೆ, ಅದೆಲ್ಲ ಡೆಬಿಟ್. ವರ್ಷದಲ್ಲಿ ಇಲ್ಲಿಂದ ಏನೇನು ಹೋಯ್ತು, ಅದೂ ಡೆಬಿಟ್. ಅಲ್ಲಿಂದ ಏನೇನು ವಾಪಸ್ ಬಂತು, ಕ್ರೆಡಿಟ್. ಮಾರ್ಚ್ 31ಕ್ಕೆ ಅಲ್ಲಿ ಏನು ಉಳಿದಿದೆ, ಅದೂ ಕ್ರೆಡಿಟ್. ಕ್ರೆಡಿಟ್ ಜಾಸ್ತಿ ಇದ್ರೆ ಲಾಭ, ಡೆಬಿಟ್ ಜಾಸ್ತಿ ಇದ್ರೆ ನಷ್ಟ. ಅಂದ್ರೆ ಈ ಒಂದೇ ಖಾತೆ ಟ್ರೇಡಿಂಗ್ ಅಕೌಂಟ್ ಕೆಲಸಾನೂ ಮಾಡತ್ತೆ, ಪ್ರಾಫಿಟ್ ಅಂಡ್ ಲಾಸ್ ಕೆಲಸಾನೂ ಮಾಡತ್ತೆ, ಆದ್ರೆ ಯಾವುದರಿಂದ ಎಷ್ಟು ಬಂತು ಅಂತ ಹೇಳಲ್ಲ.

ಇನ್ನು ಇನ್ವಾಯ್ಸ್ ಪ್ರೈಸ್. ಹೆಡ್ ಆಫೀಸು 100 ರೂಪಾಯಿಗೆ ತಂದ ಮಾಲನ್ನ ಬ್ರಾಂಚಿಗೆ ಕಳಿಸುವಾಗ 125 ಅಂತ ಬರೆದು ಕಳಿಸತ್ತೆ. ಯಾಕಪ್ಪಾ ಅಂದ್ರೆ ಎರಡು ಕಾರಣ. ಒಂದು, ಅಸಲು ಎಷ್ಟು, ಮಾರ್ಜಿನ್ ಎಷ್ಟು ಅಂತ ಬ್ರಾಂಚಿನವರಿಗೆ ಗೊತ್ತಾಗಬಾರದು, ನಾಳೆ ಮ್ಯಾನೇಜರ್ರೇ ಎದುರುಗಡೆ ಅಂಗಡಿ ಹಾಕ್ಬೋದು. ಎರಡು, ಬ್ರಾಂಚು ಆ 125ಕ್ಕೇ ಮಾರಬೇಕು ಅಂತಿದ್ರೆ, ಮಾಲು ಮತ್ತು ಮಾರಾಟ ಎರಡೂ ಒಂದೇ ದರದಲ್ಲಿರೋದ್ರಿಂದ ಅಂಗಡೀಲಿ ಎಷ್ಟು ಸ್ಟಾಕ್ ಇರಬೇಕು ಅಂತ ಹೆಡ್ ಆಫೀಸಲ್ಲಿ ಕೂತೇ ಲೆಕ್ಕ ಹಾಕ್ಬೋದು. ಈ ಎರಡನೇದೇ ದೊಡ್ಡ ಲಾಭ, ಆಮೇಲೆ ಬರ್ತೀನಿ ಅದಕ್ಕೆ. (ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಪಾಠದ ಇನ್ವಾಯ್ಸ್ ಪ್ರೈಸೇ ಬೇರೆ, ಜಿಎಸ್‌ಟಿ ಟ್ಯಾಕ್ಸ್ ಇನ್ವಾಯ್ಸೇ ಬೇರೆ. ಒಂದೇ ರಾಜ್ಯದಲ್ಲಿ ಒಂದೇ ಜಿಎಸ್‌ಟಿ ನಂಬರಿನ ಕೆಳಗೆ ಇರೋ ಬ್ರಾಂಚಿಗೆ ಮಾಲು ಹೋದ್ರೆ ಡೆಲಿವರಿ ಚಲನ್ ಸಾಕು, ಟ್ಯಾಕ್ಸ್ ಬರಲ್ಲ. ಅದೇ ಸೊಲ್ಲಾಪುರದಲ್ಲಿ ಬ್ರಾಂಚ್ ಇದ್ರೆ ಅದು ಬೇರೆ ರಾಜ್ಯ, ಬೇರೆ ರಿಜಿಸ್ಟ್ರೇಷನ್, ಕಾನೂನಿನ ಪ್ರಕಾರ ಬೇರೆ ವ್ಯಕ್ತಿ, ಐಜಿಎಸ್‌ಟಿ ಹಾಕಿ ಇನ್ವಾಯ್ಸ್ ಮಾಡಲೇಬೇಕು. ಕೆಳಗಿನ ಲೆಕ್ಕದಲ್ಲಿ ಟ್ಯಾಕ್ಸ್ ಇಲ್ಲ ಅಂತಿಟ್ಕೊಳ್ಳಿ.)

ಈಗ ಲೆಕ್ಕ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಅಂತಿಟ್ಕೊಳ್ಳಿ, ಅದೇ ಹೆಡ್ ಆಫೀಸು, ಚಿತ್ರದುರ್ಗದಲ್ಲಿ ಒಂದು ಬ್ರಾಂಚು. ಮಾಲು ಹೋಗೋದು ಕಾಸ್ಟ್ ಪ್ಲಸ್ 25%ಗೆ, ಬ್ರಾಂಚು ಮಾರೋದೂ ಅದೇ ರೇಟಿಗೆ. 2023ರ ಏಪ್ರಿಲ್ 1ಕ್ಕೆ ಬ್ರಾಂಚಲ್ಲಿ ಇನ್ವಾಯ್ಸ್ ಬೆಲೆಯಲ್ಲಿ 50,000 ಸ್ಟಾಕ್, ಗಿರಾಕಿಗಳ ಹತ್ರ ಉದ್ರಿ ಬಾಕಿ 30,000, ಪೆಟ್ಟಿ ಕ್ಯಾಶ್ 1,000. ವರ್ಷದಲ್ಲಿ ಹೆಡ್ ಆಫೀಸು ಇನ್ವಾಯ್ಸ್ ಬೆಲೆಯಲ್ಲಿ 4,00,000ದ ಮಾಲು ಕಳಿಸ್ತು, ಅದರಲ್ಲಿ 10,000ದ್ದು ಓಡಲ್ಲ ಅಂತ ಬ್ರಾಂಚು ವಾಪಸ್ ಕಳಿಸ್ತು. ನಗದು ಮಾರಾಟ 1,50,000, ಉದ್ರಿ ಮಾರಾಟ 2,30,000. ಉದ್ರಿ ವಸೂಲಾಗಿದ್ದು 2,15,000. ಗಿರಾಕಿಗಳು ವಾಪಸ್ ತಂದ ಬಟ್ಟೆ 5,000, ಬಿಟ್ಟ ಡಿಸ್ಕೌಂಟು 3,000, ಮುಳುಗಿದ ಬಾಕಿ 2,000. ನಗದು ಮಾರಾಟದ ದುಡ್ಡು, ವಸೂಲಿ ದುಡ್ಡು ಎಲ್ಲ ಹೆಡ್ ಆಫೀಸಿಗೆ ಬಂದಿದೆ. ಹೆಡ್ ಆಫೀಸು ಬಾಡಿಗೆಗೆ 18,000, ಸಂಬಳಕ್ಕೆ 30,000, ಪೆಟ್ಟಿ ಕ್ಯಾಶಿಗೆ 5,000 ಕಳಿಸಿದೆ. 2024ರ ಮಾರ್ಚ್ 31ಕ್ಕೆ ಸ್ಟಾಕು ಇನ್ವಾಯ್ಸ್ ಬೆಲೆಯಲ್ಲಿ 65,000, ಉದ್ರಿ ಬಾಕಿ 35,000, ಪೆಟ್ಟಿ ಕ್ಯಾಶ್ 500.

ಈ ಪಟ್ಟಿ ನೋಡಿದ ತಕ್ಷಣ ಎಲ್ಲಾನೂ ಬ್ರಾಂಚ್ ಅಕೌಂಟಿಗೆ ತುಂಬಕ್ಕೆ ಹೋಗ್ಬೇಡಿ. ಹೆಡ್ ಆಫೀಸು ಮತ್ತು ಬ್ರಾಂಚಿನ ನಡುವೆ ಓಡಾಡಿದ್ದು ಮಾತ್ರ ಬರತ್ತೆ. ಉದ್ರಿ ಮಾರಾಟ ಅನ್ನೋದು ಬ್ರಾಂಚಿಗೂ ಗಿರಾಕಿಗೂ ನಡುವಿನ ವ್ಯವಹಾರ, ಅದು ಬರಲ್ಲ. ಡಿಸ್ಕೌಂಟ್, ಮುಳುಗಿದ ಬಾಕಿ, ಗಿರಾಕಿ ವಾಪಸ್ ತಂದಿದ್ದು, ಇವೂ ಬರಲ್ಲ, ಯಾಕಂದ್ರೆ ಇವೆಲ್ಲ ಕಳೆದ ಮೇಲೆ ಉಳಿದಿದ್ದೇ 35,000 ಬಾಕಿ. ಬೇಕಿದ್ರೆ ಹಾಕಿ ನೋಡಿ: 30,000 + 2,30,000 − 2,15,000 − 5,000 − 3,000 − 2,000, ಸರಿಯಾಗಿ 35,000. ಇದನ್ನೇ ಮೆಮೊರಾಂಡಮ್ ಡೆಟರ್ಸ್ ಅಕೌಂಟ್ ಅಂತಾರೆ, ಪಕ್ಕದಲ್ಲಿ ಬರೆದಿಟ್ಕೊಳ್ಳೋಕೆ. ಪೆಟ್ಟಿ ಖರ್ಚೂ ಹಾಗೇ, 1,000 ಇತ್ತು, 5,000 ಹೋಯ್ತು, 500 ಉಳೀತು, ಅಂದ್ರೆ 5,500 ಖರ್ಚಾಗಿದೆ, ಅದನ್ನ ಪ್ರತ್ಯೇಕ ಬರೆದ್ರೆ ಒಂದೇ ಖರ್ಚು ಎರಡು ಸಲ ಬಿದ್ದ ಹಾಗೆ.

ಈಗ ಲೋಡಿಂಗ್. ಲೋಡಿಂಗ್ ಅಂದ್ರೆ ಅಸಲಿನ ಮೇಲೆ ಸೇರಿಸಿದ ಆ 25 ರೂಪಾಯಿ. ಇಲ್ಲಿ ಬಹಳ ಜನ ಜಾರೋದು ಎಲ್ಲಿ ಅಂದ್ರೆ, 25% ಅಂತ ಕೊಟ್ಟಿದಾರಲ್ಲ ಅಂತ 50,000ಕ್ಕೆ 25% ತೆಗೆದು 12,500 ಅಂದುಬಿಡ್ತಾರೆ. 25% ಇರೋದು ಅಸಲಿನ ಮೇಲೆ, ನಮ್ಮ ಕೈಲಿರೋ ಅಂಕಿ ಇನ್ವಾಯ್ಸ್ ಬೆಲೆ. 125ರಲ್ಲಿ 25 ಅಂದ್ರೆ ಐದನೇ ಒಂದು ಭಾಗ. ಹಾಗಾಗಿ 50,000ದಲ್ಲಿ ಲೋಡಿಂಗ್ 10,000, 4,00,000ದಲ್ಲಿ 80,000, ವಾಪಸ್ ಬಂದ 10,000ದಲ್ಲಿ 2,000, ಕ್ಲೋಸಿಂಗ್ 65,000ದಲ್ಲಿ 13,000. ಅದೇ ಪ್ರಶ್ನೇಲಿ "ಇನ್ವಾಯ್ಸ್ ಬೆಲೆಯ ಮೇಲೆ 25%" ಅಂತ ಇದ್ರೆ ಆಗ ನಾಲ್ಕನೇ ಒಂದು ಭಾಗ, ಅಂದ್ರೆ ಅಸಲಿನ ಮೇಲೆ 33⅓% ಆಯ್ತು. ಒಂದು ಪದ ಆಚೆ ಈಚೆ ಆದ್ರೆ ಉತ್ತರ ಪೂರ್ತಿ ಬೇರೆ.

ಈಗ ಮುಖ್ಯ ವಿಷಯ. ಬ್ರಾಂಚ್ ಅಕೌಂಟಲ್ಲಿ ಇನ್ವಾಯ್ಸ್ ಬೆಲೆಯಲ್ಲಿ ಬರೋದು ನಾಲ್ಕೇ ಅಂಕಿ: ಓಪನಿಂಗ್ ಸ್ಟಾಕು, ಕಳಿಸಿದ ಮಾಲು, ವಾಪಸ್ ಬಂದ ಮಾಲು, ಕ್ಲೋಸಿಂಗ್ ಸ್ಟಾಕು. ನಾಲ್ಕೂ ಉಬ್ಬಿಸಿದ ಅಂಕಿ. ಉಬ್ಬಿರೋದನ್ನ ಇಳಿಸ್ಬೇಕು ಅಂದ್ರೆ ಅಂಕಿ ಯಾವ ಕಡೆ ಕೂತಿದೆಯೋ ಅದರ ಎದುರು ಕಡೆ ಅದರ ಲೋಡಿಂಗ್ ಬರೀಬೇಕು. ಇಷ್ಟೇ ನಿಯಮ. ಓಪನಿಂಗ್ ಸ್ಟಾಕು ಡೆಬಿಟ್ಟಲ್ಲಿದೆ, ಅದರ ರಿಸರ್ವ್ ಕ್ರೆಡಿಟ್ಟಿಗೆ. ಕಳಿಸಿದ ಮಾಲು ಡೆಬಿಟ್ಟಲ್ಲಿದೆ, ಅದರ ಲೋಡಿಂಗ್ ಕ್ರೆಡಿಟ್ಟಿಗೆ. ವಾಪಸ್ ಬಂದಿದ್ದು ಕ್ರೆಡಿಟ್ಟಲ್ಲಿದೆ, ಅದರ ಲೋಡಿಂಗ್ ಡೆಬಿಟ್ಟಿಗೆ. ಕ್ಲೋಸಿಂಗ್ ಸ್ಟಾಕು ಕ್ರೆಡಿಟ್ಟಲ್ಲಿದೆ, ಅದರ ರಿಸರ್ವ್ ಡೆಬಿಟ್ಟಿಗೆ. ಬಾಯಿಪಾಠ ಬೇಕಾ ಹೇಳಿ.

ಹೆಡ್ ಆಫೀಸ್ ಪುಸ್ತಕದಲ್ಲಿ ಚಿತ್ರದುರ್ಗ ಬ್ರಾಂಚ್ ಅಕೌಂಟ್ ಹೀಗೆ ಬರತ್ತೆ.

ಡೆಬಿಟ್ ಕಡೆ:
ಓಪನಿಂಗ್ ಸ್ಟಾಕ್ 50,000
ಓಪನಿಂಗ್ ಉದ್ರಿ ಬಾಕಿ 30,000
ಓಪನಿಂಗ್ ಪೆಟ್ಟಿ ಕ್ಯಾಶ್ 1,000
ಕಳಿಸಿದ ಮಾಲು 4,00,000
ಬ್ಯಾಂಕ್ (ಬಾಡಿಗೆ, ಸಂಬಳ, ಪೆಟ್ಟಿ ಕ್ಯಾಶ್) 53,000
ವಾಪಸ್ ಬಂದ ಮಾಲಿನ ಲೋಡಿಂಗ್ 2,000
ಕ್ಲೋಸಿಂಗ್ ಸ್ಟಾಕ್ ರಿಸರ್ವ್ 13,000
ನಿವ್ವಳ ಲಾಭ (ಬ್ಯಾಲೆನ್ಸ್ ಆಗಿ ಬಂದಿದ್ದು) 16,500
ಒಟ್ಟು 5,65,500

ಕ್ರೆಡಿಟ್ ಕಡೆ:
ಓಪನಿಂಗ್ ಸ್ಟಾಕ್ ರಿಸರ್ವ್ 10,000
ಬ್ಯಾಂಕ್ (ನಗದು ಮಾರಾಟ 1,50,000 + ವಸೂಲಿ 2,15,000) 3,65,000
ವಾಪಸ್ ಬಂದ ಮಾಲು 10,000
ಕಳಿಸಿದ ಮಾಲಿನ ಲೋಡಿಂಗ್ 80,000
ಕ್ಲೋಸಿಂಗ್ ಸ್ಟಾಕ್ 65,000
ಕ್ಲೋಸಿಂಗ್ ಉದ್ರಿ ಬಾಕಿ 35,000
ಕ್ಲೋಸಿಂಗ್ ಪೆಟ್ಟಿ ಕ್ಯಾಶ್ 500
ಒಟ್ಟು 5,65,500

16,500 ಸರೀನಾ ಅಂತ ನೋಡೋಕೆ ಎರಡು ದಾರಿ ಇದೆ, ಎರಡೂ ಎರಡು ನಿಮಿಷದ ಕೆಲಸ, ಪರೀಕ್ಷೆಯಲ್ಲಿ ಸಮಯ ಉಳಿದ್ರೆ ಖಂಡಿತ ಮಾಡಿ. ಮೊದಲನೇದು, ಎಲ್ಲಾನೂ ಅಸಲಿಗೆ ಇಳಿಸಿ ಮತ್ತೆ ಹಾಕೋದು. ಓಪನಿಂಗ್ ಸ್ಟಾಕು 40,000, ಬಾಕಿ 30,000, ಕ್ಯಾಶು 1,000, ಕಳಿಸಿದ್ದು 3,20,000, ಖರ್ಚಿಗೆ ಕಳಿಸಿದ್ದು 53,000, ಒಟ್ಟು 4,44,000. ಆ ಕಡೆ ಬಂದ ದುಡ್ಡು 3,65,000, ವಾಪಸ್ ಮಾಲು 8,000, ಕ್ಲೋಸಿಂಗ್ ಸ್ಟಾಕು 52,000, ಬಾಕಿ 35,000, ಕ್ಯಾಶು 500, ಒಟ್ಟು 4,60,500. ವ್ಯತ್ಯಾಸ ಅದೇ 16,500. ಲೋಡಿಂಗ್ ಹಾಕಿ ತೆಗೆದಿದ್ದೆಲ್ಲ ಕೊನೆಗೆ ಲಾಭಕ್ಕೆ ಒಂದು ರೂಪಾಯೀನೂ ಸೇರಿಸಿಲ್ಲ, ಕಳೆದಿಲ್ಲ ಅಂತ ಇದರಿಂದ ಗೊತ್ತಾಗತ್ತೆ.

ಎರಡನೇದು, ಅಂಗಡಿಯವರು ಯೋಚನೆ ಮಾಡೋ ರೀತಿ. ವಾಪಸ್ ಬಂದಿದ್ದು ಕಳೆದು ಮಾರಾಟ 3,75,000, ಅದರಲ್ಲಿ ಐದನೇ ಒಂದು ಭಾಗ ಮಾರ್ಜಿನ್, 75,000. ಅದರಲ್ಲಿ ಬಾಡಿಗೆ 18,000, ಸಂಬಳ 30,000, ಪೆಟ್ಟಿ ಖರ್ಚು 5,500, ಡಿಸ್ಕೌಂಟ್ 3,000, ಮುಳುಗಿದ್ದು 2,000 ತೆಗೆದ್ರೆ 16,500. ಬ್ರಾಂಚ್ ಅಕೌಂಟಲ್ಲಿ ಹೆಸರೇ ಇಲ್ಲದ ಡಿಸ್ಕೌಂಟೂ ಮುಳುಗಿದ ಬಾಕೀನೂ ಲಾಭವನ್ನ ಹೇಗೆ ತಿಂದಿವೆ ನೋಡಿ.

ಸ್ಟಾಕ್ ರಿಸರ್ವ್ ಅನ್ನೋ ಹೆಸರು ಕೇಳಿ ಎಲ್ಲೋ ದುಡ್ಡು ತೆಗೆದಿಟ್ಟಿದಾರೆ ಅಂತ ಅಂದ್ಕೋಬೇಡಿ, ಅಲ್ಲಿ ದುಡ್ಡು ಗಿಡ್ಡು ಏನಿಲ್ಲ. ಚಿತ್ರದುರ್ಗದ ಕಪಾಟಿನಲ್ಲಿ ಮಾರ್ಚ್ 31ಕ್ಕೆ ಕೂತಿರೋ ಬಟ್ಟೆಗೆ ನಾವೇ 65,000 ಅಂತ ಚೀಟಿ ಅಂಟಿಸಿದೀವಿ, ತಂದಿದ್ದು 52,000ಕ್ಕೆ. ಮಧ್ಯದ 13,000 ಇನ್ನೂ ಯಾವ ಗಿರಾಕೀನೂ ಕೊಟ್ಟಿಲ್ಲ. ನಮ್ಮ ಅಂಗಡಿಯಿಂದ ನಮ್ಮದೇ ಇನ್ನೊಂದು ಅಂಗಡಿಗೆ ಮಾಲು ಎತ್ತಿಟ್ಟ ಮಾತ್ರಕ್ಕೆ ಲಾಭ ಆಗಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಕೂಡ ಹೇಳೋದು ದಾಸ್ತಾನು ಅಸಲು ಬೆಲೆ ಅಥವಾ ಮಾರಿದ್ರೆ ನಿವ್ವಳವಾಗಿ ಸಿಗೋ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದರಲ್ಲಿ ತೋರಿಸಬೇಕು ಅಂತ. ಹಾಗಾಗಿ ಬ್ಯಾಲೆನ್ಸ್ ಶೀಟಲ್ಲಿ ಬ್ರಾಂಚ್ ಸ್ಟಾಕ್ 65,000, ಕಳೆ ಸ್ಟಾಕ್ ರಿಸರ್ವ್ 13,000, ಉಳಿದಿದ್ದು 52,000 ಅಂತ ತೋರಿಸ್ತಾರೆ.

ಎಂಟ್ರಿ ಏನು ಅಂದ್ರೆ, ವರ್ಷದ ಕೊನೇಲಿ ಬ್ರಾಂಚ್ ಅಕೌಂಟ್ ಡೆಬಿಟ್, ಸ್ಟಾಕ್ ರಿಸರ್ವ್ ಅಕೌಂಟ್ ಕ್ರೆಡಿಟ್, 13,000. ಮುಂದಿನ ಏಪ್ರಿಲ್ 1ಕ್ಕೆ ಸ್ಟಾಕು 65,000 ಅಂತಲೇ ಬ್ರಾಂಚ್ ಅಕೌಂಟಿನ ಡೆಬಿಟ್ಟಿಗೆ ಮತ್ತೆ ಬರತ್ತೆ, ಜೊತೆಗೆ ಈ ರಿಸರ್ವ್ ಉಲ್ಟಾ ಆಗಿ ಕ್ರೆಡಿಟ್ಟಿಗೆ ಬರತ್ತೆ. ಈ ವರ್ಷ ತಡೆಹಿಡಿದ ಲಾಭ ಮುಂದಿನ ವರ್ಷ ಆ ಮಾಲು ಮಾರಿ ಹೋದಾಗ ಬಿಡುಗಡೆ ಆಗತ್ತೆ. ಕ್ಲೋಸಿಂಗ್ ರಿಸರ್ವ್ ಮರೆತ್ರೆ ಈ ವರ್ಷದ ಲಾಭ 16,500ರ ಬದಲು 29,500 ಅಂತ ಬಂದುಬಿಡತ್ತೆ, ಮುಂದಿನ ವರ್ಷ ಓಪನಿಂಗ್ ರಿಸರ್ವ್ ಇಲ್ಲದೇ ಇರೋದ್ರಿಂದ ಅದೇ 13,000 ಕಮ್ಮಿ ಬರತ್ತೆ, ಎರಡು ವರ್ಷ ಸೇರಿಸಿ ನೋಡಿದ್ರೆ ಸರಿ ಇರತ್ತೆ, ಹಾಗಾಗಿ ತಪ್ಪು ಬೇಗ ಸಿಗೋದೂ ಇಲ್ಲ. ಈ ಮಧ್ಯೆ ಇಲ್ಲದ ಲಾಭದ ಮೇಲೆ ಮ್ಯಾನೇಜರಿಗೆ ಕಮಿಷನ್ ಕೊಟ್ಟಿದ್ರೆ ಅದು ಹೋದ ಹಾಗೇ.

ಸ್ಟಾಕಿನ ಲೋಡಿಂಗು ಸ್ಟಾಕ್ ರಿಸರ್ವ್ ಅಕೌಂಟಿಗೆ ಹೋದ್ರೆ, ಕಳಿಸಿದ ಮಾಲಿನ ಲೋಡಿಂಗು ಗೂಡ್ಸ್ ಸೆಂಟ್ ಟು ಬ್ರಾಂಚ್ ಅಕೌಂಟಿಗೆ ಹೋಗತ್ತೆ, ಇವೆರಡನ್ನ ಕಲಸ್ಬೇಡಿ. ಆ ಅಕೌಂಟಲ್ಲಿ 4,00,000 ಕ್ರೆಡಿಟ್, ಲೋಡಿಂಗ್ 80,000 ಡೆಬಿಟ್, ವಾಪಸ್ ಬಂದ 10,000 ಡೆಬಿಟ್, ಅದರ ಲೋಡಿಂಗ್ 2,000 ಕ್ರೆಡಿಟ್, ಉಳಿಯೋದು 3,12,000. ಬ್ರಾಂಚಿಗೆ ನಿಜವಾಗಿ ಹೋದ ಮಾಲಿನ ಅಸಲು ಇದೇ, 3,90,000ದ ಐದನೇ ನಾಲ್ಕು ಭಾಗ. ಇದನ್ನ ಹೆಡ್ ಆಫೀಸಿನ ಟ್ರೇಡಿಂಗ್ ಅಕೌಂಟಿನ ಕ್ರೆಡಿಟ್ಟಿಗೆ ಹಾಕ್ತಾರೆ, ಇಲ್ಲಾಂದ್ರೆ ಖರೀದಿಯಲ್ಲಿ ಕಳೀತಾರೆ.

ಭಾಗ ತಪ್ಪು ಹಿಡಿದ್ರೆ ಏನಾಗತ್ತೆ ಅಂತಾನೂ ನೋಡಿಬಿಡೋಣ. ಐದನೇ ಒಂದರ ಬದಲು ನಾಲ್ಕನೇ ಒಂದು ಭಾಗ ಲೋಡಿಂಗ್ ಅಂತ ಹಾಕಿದ್ರೆ ರಿಸರ್ವ್ 12,500, ಕಳಿಸಿದ್ದರ ಮೇಲೆ 1,00,000, ವಾಪಸ್ ಮೇಲೆ 2,500, ಕ್ಲೋಸಿಂಗ್ ಮೇಲೆ 16,250, ಲಾಭ 35,250 ಅಂತ ಬರತ್ತೆ. ಖಾತೆ ಚೆನ್ನಾಗಿ ಟ್ಯಾಲಿ ಆಗತ್ತೆ, ಯಾಕಂದ್ರೆ ಲಾಭವೇ ಬ್ಯಾಲೆನ್ಸಿಂಗ್ ಅಂಕಿ, ಏನು ಹಾಕಿದ್ರೂ ಟ್ಯಾಲಿ ಆಗ್ಲೇಬೇಕು. ಟ್ಯಾಲಿ ಆಯ್ತು ಅಂತ ನಂಬೋ ಹಾಗಿಲ್ಲ ಅಂತ ನಾನು ಅನ್ನೋದು ಇದಕ್ಕೇ. ಜಾಸ್ತಿ ಬಂದಿರೋ 18,750 ಎಲ್ಲಿಂದ ಬಂತು ಅಂದ್ರೆ ನಿವ್ವಳ ಮಾರಾಟ 3,75,000ದ ಸರಿಯಾಗಿ 5%, ಅಂದ್ರೆ 25%ಗೂ 20%ಗೂ ಇರೋ ವ್ಯತ್ಯಾಸ. ಮೇಲೆ ಹೇಳಿದ ಎರಡನೇ ದಾರಿಯಲ್ಲಿ, ಅಂದ್ರೆ ಮಾರ್ಜಿನ್ನಿಂದ ಖರ್ಚು ಕಳೆಯೋದ್ರಲ್ಲಿ, ನೀವು ಅಸಲಿಂದ ಹೊಸದಾಗಿ ಶುರು ಮಾಡಿದ್ರೆ ಇದು ತಕ್ಷಣ ಸಿಕ್ಕಿಬೀಳತ್ತೆ.

ಈಗ ಕಂಟ್ರೋಲ್ ವಿಷಯ. ಡೆಟರ್ಸ್ ಸಿಸ್ಟಮಿನ ದೊಡ್ಡ ದೌರ್ಬಲ್ಯ ಏನಂದ್ರೆ ಅಂಗಡೀಲಿ ಮಾಲು ಕಳುವಾದ್ರೂ ಅದಕ್ಕೆ ಅಂತ ಒಂದು ಸಾಲು ಬರಲ್ಲ. ನಮ್ಮ ಲೆಕ್ಕದಲ್ಲಿ ಎಣಿಸಿದಾಗ 65,000ದ ಬದಲು 61,000ದ ಬಟ್ಟೆ ಮಾತ್ರ ಸಿಕ್ಕಿತ್ತು ಅಂತಿಟ್ಕೊಳ್ಳಿ. ಕ್ಲೋಸಿಂಗ್ ಸ್ಟಾಕು 61,000, ರಿಸರ್ವ್ 12,200, ಲಾಭ 13,300. ಖಾತೆ ಮತ್ತೆ ಚೆನ್ನಾಗಿ ಟ್ಯಾಲಿ. ಲಾಭ ಕಮ್ಮಿಯಾಗಿದ್ದು 4,000 ಅಲ್ಲ, 3,200, ಅಸಲು ಎಷ್ಟೋ ಅಷ್ಟು, ಯಾಕಂದ್ರೆ ಹೋದ ಮಾಲಿನ ಲೋಡಿಂಗ್ ನಮ್ಮ ಕೈಗೆ ಯಾವತ್ತೂ ಬಂದೇ ಇರ್ಲಿಲ್ಲ. ಆದ್ರೆ ಖಾತೆ ನೋಡಿದೋರಿಗೆ ಕಳುವಾಗಿದೆ ಅಂತ ಎಲ್ಲೂ ಗೊತ್ತಾಗಲ್ಲ, ಈ ವರ್ಷ ವ್ಯಾಪಾರ ಸ್ವಲ್ಪ ಡಲ್ಲು ಅಂದ್ಕೊಂಡು ಸುಮ್ಮನಾಗ್ತಾರೆ.

ಇನ್ವಾಯ್ಸ್ ಬೆಲೆ ಕೆಲಸಕ್ಕೆ ಬರೋದು ಇಲ್ಲೇ. ಪಕ್ಕದಲ್ಲಿ ಒಂದು ಮೆಮೊರಾಂಡಮ್ ಸ್ಟಾಕ್ ಲೆಕ್ಕ ಹಾಕಿ: 50,000 ಇತ್ತು, 4,00,000 ಹೋಯ್ತು, 10,000 ವಾಪಸ್ ಬಂತು, ಮಾರಾಟ 3,80,000, ಗಿರಾಕಿ ವಾಪಸ್ ತಂದಿದ್ದು 5,000, ಇರಬೇಕಾದ್ದು 65,000. ಎಣಿಸಿದ್ರೆ 61,000. ನಾಲ್ಕು ಸಾವಿರದ ಬಟ್ಟೆ ಎಲ್ಲಿ ಅಂತ ಮ್ಯಾನೇಜರನ್ನ ಕೇಳ್ಬೋದು, ಅವರಿಗೆ ಅಸಲು ಎಷ್ಟು ಅಂತ ಹೇಳದೇನೇ. ಅಸಲು ಬೆಲೇಲಿ ಮಾಲು ಕಳಿಸಿದ್ರೆ ಈ ಲೆಕ್ಕ ಇಷ್ಟು ಸಲೀಸಾಗಿ ಬರಲ್ಲ, ಸ್ಟಾಕು ಒಂದು ದರ, ಮಾರಾಟ ಇನ್ನೊಂದು ದರ.

ಬ್ರಾಂಚು ಇನ್ವಾಯ್ಸ್ ಬೆಲೆಗಿಂತ ಜಾಸ್ತಿಗೆ ಮಾರ್ತಿದ್ರೆ ಇಲ್ಲೂ ಎಚ್ಚರ ಬೇಕು. 125ರ ಮಾಲನ್ನ 150ಕ್ಕೆ ಮಾರೋದಾದ್ರೆ 3,75,000 ನಿವ್ವಳ ಮಾರಾಟಕ್ಕೆ ಅಂಗಡಿಯಿಂದ ಹೋದ ಮಾಲು ಇನ್ವಾಯ್ಸ್ ಬೆಲೇಲಿ 3,12,500 ಮಾತ್ರ, ಆಗ ಇರಬೇಕಾದ ಸ್ಟಾಕು 1,27,500. ಪ್ರಶ್ನೇಲಿ ಕ್ಲೋಸಿಂಗ್ ಸ್ಟಾಕ್ ಕೊಡದೇ ಮಾರಾಟದ ಬೆಲೆ ಮಾತ್ರ ಬೇರೆ ಕೊಟ್ಟಿದ್ರೆ ಕೇಳ್ತಿರೋದು ಇದನ್ನೇ.

ಕೊನೇದಾಗಿ ದಾರೀಲಿರೋ ಮಾಲು. ಮಾರ್ಚ್ 30ಕ್ಕೆ ದಾವಣಗೆರೆಯಲ್ಲಿ ಲಾರಿಗೆ ಹಾಕಿದ ಇನ್ನೂ 15,000ದ ಬಂಡಲ್ಲು ಚಿತ್ರದುರ್ಗಕ್ಕೆ ಏಪ್ರಿಲ್ 2ಕ್ಕೆ ಸೇರ್ತು ಅಂತಿಟ್ಕೊಳ್ಳಿ. ಹೆಡ್ ಆಫೀಸು ಕಳಿಸಿದ್ದು 4,15,000 ಅಂತ ಬರ್ಕೊಂಡಿದೆ, ಬ್ರಾಂಚು ಎಣಿಸಿದ ಸ್ಟಾಕಲ್ಲಿ ಅದು ಇಲ್ಲ. ಆಗ ಕಳಿಸಿದ್ದರ ಲೋಡಿಂಗ್ 83,000 ಆಗತ್ತೆ, ಕ್ರೆಡಿಟ್ ಕಡೆ ಗೂಡ್ಸ್ ಇನ್ ಟ್ರಾನ್ಸಿಟ್ ಅಂತ 15,000 ಬರೀಬೇಕು, ಡೆಬಿಟ್ ಕಡೆ ಅದರ ರಿಸರ್ವ್ 3,000 ಕೂಡ ಬರೀಬೇಕು. ಎರಡೂ ಕಡೆ 18,000 ಜಾಸ್ತಿ, ಲಾಭ ಮೊದಲಿನಂತೆ 16,500. ದಾರೀಲಿರೋದನ್ನ ಪೂರ್ತಿ ಮರೆತ್ರೆ ಲಾಭ 4,500ಕ್ಕೆ ಕುಸೀತದೆ, 12,000 ಕಮ್ಮಿ, ಅಂದ್ರೆ ಆ ಬಂಡಲ್ಲಿನ ಅಸಲು. ಬರೀ ರಿಸರ್ವ್ ಮರೆತ್ರೆ 19,500. ಲಾಭ ಎಷ್ಟು ಆಚೀಚೆ ಆಗಿದೆ ಅಂತ ನೋಡಿದ್ರೆ ಯಾವುದು ಬಿಟ್ಟುಹೋಗಿದೆ ಅಂತ ಹೀಗೆ ಹಿಂದಿನಿಂದ ಹಿಡೀಬೋದು: ವ್ಯತ್ಯಾಸ ಒಂದು ಮಾಲಿನ ಲೋಡಿಂಗಿಗೆ ಸಮ ಇದ್ರೆ ರಿಸರ್ವ್ ಬಿಟ್ಟಿದೀರಿ, ಅಸಲಿಗೆ ಸಮ ಇದ್ರೆ ಮಾಲನ್ನೇ ಬಿಟ್ಟಿದೀರಿ, ಲೋಡಿಂಗಿನ ಎರಡರಷ್ಟು ಇದ್ರೆ ಲೋಡಿಂಗನ್ನ ತಪ್ಪು ಕಡೆ ಬರ್ದಿದೀರಿ.